ತುಮಕೂರು ಗುಂಪಿನ ಪ್ರಶ್ನೋತ್ತರ: ಮಂಟಪದಲ್ಲಿ ಎಷ್ಟು ಜನರನ್ನು ಬಿಡಬಹುದು?

ಕಾರ್ಯಾಗಾರದ ಸಂಘಟಕ: ಸರ್, ಭಾನುವಾರ ಪೊಲೀಸ್ ಪರೀಕ್ಷೆಗೆ ಓದುವವರಿಗೆ ಉಚಿತ ಕಾರ್ಯಾಗಾರ ಇದೆ. ಕಲ್ಯಾಣ ಮಂಟಪದ ಮೊದಲನೇ ಮಹಡಿ. ಹೆಸರು ಬರೆಸಿದವರು 320. ಹೋದ ಸಲ ಹೆಸರು ಬರೆಸದೆ ಬಂದವರೇ 200 ದಾಟಿದ್ದರು. ಅವರು ನುಗ್ಗದ ಹಾಗೆ ಅಡುಗೆಮನೆ ಕಡೆ ಮೆಟ್ಟಿಲಿಗೆ ಬೀಗ ಹಾಕಿದ್ದೆವು. ಕುರ್ಚಿ ಹಾಕುವ ಜಾಗ 60ಕ್ಕೆ 50 ಅಡಿ. ಬಾಗಿಲು ಎರಡು, 6 ಅಡಿ ಮತ್ತು 4 ಅಡಿ. ಮೆಟ್ಟಿಲು ಮುಂದೆ 5 ಅಡಿ, ಹಿಂದೆ 4 ಅಡಿ. ಮಾಲೀಕರು 800 ಜನ ಹಿಡಿಯುತ್ತೆ ಅಂತಾರೆ. ಎಷ್ಟು ಬಿಡಬಹುದು?

ನಿವೃತ್ತ ಅಗ್ನಿಶಾಮಕ ಠಾಣಾಧಿಕಾರಿ: ಬೀಗದ ವಿಷಯ ಓದಿ ಊಟ ಬಿಟ್ಟು ಬರೆಯುತ್ತಿದ್ದೇನೆ.

800 ಅನ್ನುವುದು ಊಟದ ಹಾಲ್, ವರಾಂಡ ಎಲ್ಲ ಸೇರಿಸಿ ಮದುವೆಯವರಿಗೆ ಹೇಳುವ ಲೆಕ್ಕ. ಅದನ್ನು ಮರೆತುಬಿಡಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಜನ ಒತ್ತಾಗಿ ಸೇರುವ ಹಾಲ್‌ನಲ್ಲಿ ಒಬ್ಬರಿಗೆ 0.65 ಚದರ ಮೀಟರ್, ಅಂದರೆ ಸುಮಾರು 7 ಚದರ ಅಡಿ. ನಿಮ್ಮದು 3000 ಚದರ ಅಡಿ. ಸುಮಾರು 425 ಜನ ಆಗುತ್ತಾರೆ.

ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಕೂರಲು ಜಾಗ ಇದ್ದರೆ ಸಾಲದು, ಒಟ್ಟಿಗೆ ಎದ್ದು ಹೊರಡಲು ದಾರಿಯೂ ಇರಬೇಕು. ಸಮತಟ್ಟಾದ ಬಾಗಿಲಿಗೆ ಒಬ್ಬರಿಗೆ 6.5 ಮಿಲಿಮೀಟರ್ ಅಗಲ, ಮೆಟ್ಟಿಲಿಗೆ 10. ಅಡಿಯಲ್ಲಿ ಹೇಳುವುದಾದರೆ ಬಾಗಿಲಿನ ಒಂದು ಅಡಿಗೆ 46 ಜನ, ಮೆಟ್ಟಿಲಿನ ಒಂದು ಅಡಿಗೆ 30 ಜನ. ನಿಮ್ಮ ಬಾಗಿಲುಗಳಿಂದ 460 ಜನ ಹೊರಗೆ ಬರಬಹುದು, ಚಿಂತೆ ಇಲ್ಲ. ಆದರೆ ಬಂದವರೆಲ್ಲ ಮೆಟ್ಟಿಲು ಇಳಿಯಬೇಕಲ್ವಾ? ಮುಂದಿನದರಲ್ಲಿ 150, ಹಿಂದಿನದರಲ್ಲಿ 120, ಒಟ್ಟು 270. ಈ ಮೂರು ಲೆಕ್ಕದಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಹೆಸರು ಬರೆಸಿದವರೇ ಅದಕ್ಕಿಂತ 50 ಜಾಸ್ತಿ ಇದ್ದಾರೆ.

ಹೋದ ಸಲ ಹಿಂದಿನ ಮೆಟ್ಟಿಲಿಗೆ ಬೀಗ ಹಾಕಿದಾಗ ನಿಮ್ಮ ಮಿತಿ 150ಕ್ಕೆ ಇಳಿದಿತ್ತು. ಹೆಸರು ಬರೆಸದೆ ಬಂದವರೇ ಅದಕ್ಕಿಂತ ಜಾಸ್ತಿ. ಏನೂ ಆಗಲಿಲ್ಲ, ಪುಣ್ಯ.

ಶಾಮಿಯಾನದವರು: ಬೀಗ ಹಾಕದಿದ್ದರೆ ಹಿಂದಿನಿಂದ ನುಗ್ತಾರೆ ಸರ್. ನಾವು ನೋಡಿಲ್ವಾ? ಜಾಸ್ತಿ ಆದವರಿಗೆ ಟೆರೇಸ್ ಮೇಲೆ ಪೆಂಡಾಲ್ ಹಾಕಿಕೊಡ್ತೀನಿ. ಬಯಲು, ಹೊಗೆ ನಿಲ್ಲಲ್ಲ, ಲೆಕ್ಕವೂ ಬೇಡ.

ನಿವೃತ್ತ ಠಾಣಾಧಿಕಾರಿ: ಹೊಗೆ ನಿಲ್ಲುವುದಿಲ್ಲ ಅನ್ನುವುದು ಸರಿ, ಸುತ್ತಲೂ ಬಟ್ಟೆ ಕಟ್ಟದಿದ್ದರೆ. ಆದರೆ ಟೆರೇಸ್‌ನವರು ಇಳಿಯುವುದೂ ಅದೇ ಮೆಟ್ಟಿಲಲ್ಲಿ. 2004ರಲ್ಲಿ ಶ್ರೀರಂಗಂನ ಮದುವೆ ಮಂಟಪದಲ್ಲಿ ಮೇಲೆ ಹಾಕಿದ್ದ ಚಪ್ಪರಕ್ಕೇ ಬೆಂಕಿ ಹತ್ತಿದ್ದು. ಮದುಮಗನೂ ಉಳಿಯಲಿಲ್ಲ. ಬೇಡ.

ನುಗ್ಗುವುದನ್ನು ತಡೆಯಲು ಬೀಗದ ಬದಲು ಆಳು ನಿಲ್ಲಿಸಿ. ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಪ್ಯಾನಿಕ್ ಬಾರ್ ಸಿಗುತ್ತದೆ, ಮಾಲೀಕರಿಗೆ ಹೇಳಿ. ಭಾನುವಾರದೊಳಗೆ ಅದು ಆಗದು. ಹಾಗಾಗಿ ಹಿಂದಿನ ಮೆಟ್ಟಿಲಿನ ಕೆಳಗೆ ಇಬ್ಬರು ಕಾರ್ಯಕರ್ತರು, ಬಾಗಿಲು ತೆರೆದೇ ಇರಲಿ.

ಗುಬ್ಬಿಯ ಸದಸ್ಯ: ನಮ್ಮ ಸಮುದಾಯ ಭವನ 2400 ಚದರ ಅಡಿ. ಎಷ್ಟು ಜನ?

ನಿವೃತ್ತ ಠಾಣಾಧಿಕಾರಿ: ಮೇಲೆ ಓದಿ. ಬಾಗಿಲು, ಮೆಟ್ಟಿಲು ಅಳೆಯಿರಿ.

ನಿವೃತ್ತ ಮೇಷ್ಟ್ರು: ಇಷ್ಟೊಂದು ಗಾಬರಿ ಏಕೆ? ಉಚಿತ ಕಾರ್ಯಕ್ರಮಕ್ಕೆ ಹೆಸರು ಬರೆಸಿದವರಲ್ಲಿ ಅರ್ಧ ಜನ ಬರುವುದೇ ಇಲ್ಲ. ಪಾವಗಡದಿಂದ ಬೆಳಿಗ್ಗೆ ಐದಕ್ಕೆ ಬಸ್ ಹತ್ತಿದ ಹುಡುಗನನ್ನು ಬಾಗಿಲಲ್ಲಿ ತಡೆಯುವುದು ಧರ್ಮವೇ?

ಬ್ಯಾಂಕ್ ಉದ್ಯೋಗಿ: ಮೇಷ್ಟ್ರೇ, ಹೆಸರು ಬರೆಸಿ ಬಂದವನು ನಿಂತುಕೊಂಡು ಕೇಳಬೇಕಾ ಹಾಗಾದರೆ? ಹೋದ ಸಲ ನನ್ನ ತಂಗಿಗೆ ಕುರ್ಚಿಯೇ ಸಿಗಲಿಲ್ಲ.

ನಿವೃತ್ತ ಮೇಷ್ಟ್ರು: ನಿಮ್ಮ ತಂಗಿಗೆ ಮೊಬೈಲ್ ಇದೆ, ಫಾರಂ ತುಂಬಿದಳು. ಎಲ್ಲರಿಗೂ ಇರುತ್ತದೆಯೇ?

ಬ್ಯಾಂಕ್ ಉದ್ಯೋಗಿ: ಪೊಲೀಸ್ ಆಗಲು ಹೊರಟವರಿಗೆ ಒಂದು ಫಾರಂ ತುಂಬಲು ಬರಲ್ವಾ?

ಸಂಘಟಕ: ದಯವಿಟ್ಟು ಇಬ್ಬರೂ ಸುಮ್ನಿರಿ. ಸರ್, ಜಾಸ್ತಿ ಬಂದವರನ್ನು ಏನು ಮಾಡುವುದು?

ನಿವೃತ್ತ ಠಾಣಾಧಿಕಾರಿ: ಮೇಷ್ಟ್ರು ಹೇಳಿದ್ದರಲ್ಲಿ ಒಂದು ಮಾತು ನಿಜ, ಪಟ್ಟಿ ನಂಬಬಾರದು. ಒಳಗೆ ಎಷ್ಟು ಜನ ಇದ್ದಾರೆ ಅನ್ನುವುದಷ್ಟೇ ಲೆಕ್ಕ. ಕೆಳಗಿನ ಗೇಟಿನಲ್ಲಿ ಇಬ್ಬರು ಕೂರಲಿ. ಒಬ್ಬ ಒಳಗೆ ಹೋದವರನ್ನು, ಇನ್ನೊಬ್ಬ ಹೊರಗೆ ಬಂದವರನ್ನು ಎಣಿಸಲಿ. ಕೈಯಲ್ಲಿ ಒತ್ತುವ ಕೌಂಟರ್ ಇದ್ದರೆ ಒಳ್ಳೆಯದು. ಭಾಷಣಕಾರರು, ನಿಮ್ಮ ಕಾರ್ಯಕರ್ತರು, ಮೈಕಿನವರು ಎಲ್ಲ ಸೇರಿ 270. 250 ಆದ ತಕ್ಷಣ ನಿಲ್ಲಿಸಿ, ಏಕೆಂದರೆ ಎಣಿಕೆಯಲ್ಲಿ ಇಪ್ಪತ್ತು ಜನ ತಪ್ಪಿರಬಹುದು.

ಸಾಲು ನಿಲ್ಲುವ ಜಾಗ ಮುಖ್ಯ. ಮೆಟ್ಟಿಲ ಮೇಲೆ ಸಾಲು ನಿಲ್ಲಿಸಿದರೆ ಇಳಿಯುವವರಿಗೆ ದಾರಿ ಹೋಯಿತು. ಕಾಂಪೌಂಡಿನಲ್ಲಿ ನಿಲ್ಲಿಸಿ. ಮಳೆ ಬಂದರೆ ಎಲ್ಲಿಗೆ ಅಂತ ಮೊದಲೇ ಗೊತ್ತಿರಲಿ. 2023ರ ನವೆಂಬರ್‌ನಲ್ಲಿ ಕೊಚ್ಚಿಯ ವಿಶ್ವವಿದ್ಯಾಲಯದಲ್ಲಿ ಆದದ್ದು ಅದೇ. ಹೊರಗೆ ಕಾದಿದ್ದವರು ಮಳೆ ಬಂತೆಂದು ಒಂದೇ ಗೇಟಿನಲ್ಲಿ ನುಗ್ಗಿದರು, ಮೆಟ್ಟಿಲಲ್ಲಿ ಬಿದ್ದರು, ನಾಲ್ವರು ಸತ್ತರು. ಅಲ್ಲಿ ಬೆಂಕಿಯೇ ಇರಲಿಲ್ಲ.

ಕೆಳಗೆ ಊಟದ ಹಾಲ್ ಇದ್ದರೆ ಅಲ್ಲಿ ಪರದೆ, ಸ್ಪೀಕರ್ ಹಾಕಿ. ಅದಕ್ಕೆ ಬೇರೆ ಲೆಕ್ಕ, ಬೇರೆ ಬಾಗಿಲು. ಕುರ್ಚಿ ಸಾಲದೆಂದು ನಡುವಿನ ದಾರಿಯಲ್ಲಿ ಮಾತ್ರ ಹಾಕಬೇಡಿ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಹೆಚ್ಚುವರಿ ಸೀಟುಗಳೇ ದಾರಿ ಮುಚ್ಚಿದ್ದವು. 59 ಜನ ಹೋದರು.

ಕೋಲಾರದ ಸದಸ್ಯ: ಮುಂದಿನ ವಾರ ನಮ್ಮ ಮನೆ ಗೃಹಪ್ರವೇಶ. 300 ಜನ ಬರ್ತಾರೆ. ಬೆಂಕಿ ನಂದಿಸುವ ಸಿಲಿಂಡರ್ ಯಾವ ಕಂಪನಿಯದು ಒಳ್ಳೆಯದು?

ಅಡುಗೆ ಕಂಟ್ರಾಕ್ಟರ್: ನನಗೆ ಬಂದ ಫಾರ್ವರ್ಡ್ ಇದು: ನೂರು ಜನಕ್ಕೆ ಒಂದು ಬೆಂಕಿ ನಂದಿಸುವ ಸಿಲಿಂಡರ್ ಇಟ್ಟರೆ ಎಷ್ಟು ಜನರನ್ನಾದರೂ ಬಿಡಬಹುದು. ಒದ್ದೆ ಕರ್ಚೀಫ್ ಮೂಗಿಗೆ ಹಿಡಿದರೆ ಅರ್ಧ ಗಂಟೆ ಹೊಗೆಯಲ್ಲಿ ಇರಬಹುದು. ಎಲ್ಲರಿಗೂ ಶೇರ್ ಮಾಡಿ.

ನಿವೃತ್ತ ಠಾಣಾಧಿಕಾರಿ: ಶೇರ್ ಮಾಡಬೇಡಿ. ಸಿಲಿಂಡರ್ ಇಟ್ಟರೆ ಮೆಟ್ಟಿಲು ಅಗಲ ಆಗುತ್ತದೆಯೇ? ಒದ್ದೆ ಬಟ್ಟೆ ಮಸಿ ತಡೆಯುತ್ತದೆ, ಕಾರ್ಬನ್ ಮಾನಾಕ್ಸೈಡ್ ತಡೆಯುವುದಿಲ್ಲ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಇದನ್ನು ನಂಬಿ ಅರ್ಧ ಗಂಟೆ ಕೂತವನನ್ನು ನಾವು ಹೊತ್ತು ತರಬೇಕಾಗುತ್ತದೆ.

ಅಡುಗೆ ಕಂಟ್ರಾಕ್ಟರ್: ಒಳ್ಳೆಯದಕ್ಕೆ ಹಾಕಿದ್ದು. ಅಷ್ಟು ಕೋಪ ಯಾಕೆ?

ಶಿರಾದ ಸದಸ್ಯ: ಸರ್, ನಮ್ಮ ಹಾಲ್ 40ಕ್ಕೆ 30. ಎಷ್ಟು ಜನ?

ನಿವೃತ್ತ ಠಾಣಾಧಿಕಾರಿ: ಮೇಲೆ ಓದಿ.

ಬ್ಯಾಂಕ್ ಉದ್ಯೋಗಿ: ಅನಾಹುತ ಆದರೆ ಜವಾಬ್ದಾರಿ ಮಂಟಪದವರದೋ ಸಂಘಟಕರದೋ? ವಿಮೆ ಸಿಗುತ್ತಾ?

ನಿವೃತ್ತ ಮೇಷ್ಟ್ರು: ಬಡವರ ಮಕ್ಕಳಿಗೆ ಒಂದು ದಿನ ಪಾಠ ಹೇಳಲು ಇಷ್ಟು ಕಾನೂನು! ನಾನು ಈ ಗುಂಪಿನಲ್ಲಿ ಇನ್ನು ಬರೆಯುವುದಿಲ್ಲ.

ಸಂಘಟಕ: ಸರ್, ಈಗ ಮಂಟಪದಲ್ಲೇ ಇದ್ದೇನೆ. ಟೇಪ್ ಹಿಡಿದೆ. ಮುಂದಿನ ಮೆಟ್ಟಿಲು ರೇಲಿಂಗ್‌ಗಳ ನಡುವೆ ನಾಲ್ಕೂವರೆ ಅಡಿಯೇ ಇರೋದು. ಹಿಂದಿನ ಮೆಟ್ಟಿಲ ತುಂಬ ಪಾತ್ರೆ, ಗ್ಯಾಸ್ ಸಿಲಿಂಡರ್. ಕೆಳಗೆ ರೋಲಿಂಗ್ ಶಟರ್. ಬೀಗದ ಕೈ ವಾಚ್‌ಮನ್ ಹತ್ತಿರ, ಅವನು ಊರಿಗೆ ಹೋಗಿದ್ದಾನಂತೆ. ಮಾಲೀಕರು ಸೋಮವಾರ ತೆಗೆಸ್ತೀನಿ ಅಂತಾರೆ.

ನಿವೃತ್ತ ಠಾಣಾಧಿಕಾರಿ: ಹಾಗಾದರೆ ನಿಮ್ಮ ಸಂಖ್ಯೆ 135. ಅದೂ ಒಂದೇ ದಾರಿ ಇರುವ ಹಾಲ್‌ನಲ್ಲಿ, ನಾನಾಗಿದ್ದರೆ ಅಷ್ಟನ್ನೂ ಬಿಡುತ್ತಿರಲಿಲ್ಲ.

ಸಂಘಟಕ: 320 ಜನಕ್ಕೆ ಬನ್ನಿ ಅಂತ ಮೆಸೇಜ್ ಹೋಗಿದೆ ಸರ್.

ನಿವೃತ್ತ ಠಾಣಾಧಿಕಾರಿ: ಇವತ್ತು ರಾತ್ರಿಯೇ ಇನ್ನೊಂದು ಕಳಿಸಿ. ಶಟರ್ ತೆರೆದು, ಮೆಟ್ಟಿಲು ಖಾಲಿ ಆದರೆ ಎರಡು ಬ್ಯಾಚ್. ಆಗದಿದ್ದರೆ ನೆಲಮಹಡಿಯ ಬೇರೆ ಜಾಗ ನೋಡಿ.

ಕುಣಿಗಲ್ ಸದಸ್ಯ: ನಮ್ಮದು 5000 ಚದರ ಅಡಿ ಸರ್, ಎಷ್ಟು ಜನ ಹಿಡಿಯುತ್ತೆ?