ವಿಷಯ: ದೋಕ್ಲಾ ‘ಗಟ್ಟಿ’ಯಾಗುವುದಕ್ಕೆ ಬೇರೆ ಪದ ಬೇಕು

ಮಾನ್ಯರೇ,
ಗುಜರಾತಿ ತಿಂಡಿಗಳ ಪುಸ್ತಕವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಒಪ್ಪಿಸಬೇಕು. ‘ಹಿಟ್ಟು ಗಟ್ಟಿಯಾದರೆ ದೋಕ್ಲಾ ಗಟ್ಟಿಯಾಗುತ್ತದೆ’ ಎಂದು ಬರೆದು ಸಿಕ್ಕಿಬಿದ್ದಿದ್ದೇನೆ. ಮೊದಲನೆಯದು ಕಲಸಿದ ಹಿಟ್ಟಿನ ಹದ, ಎರಡನೆಯದು ಬೆಂದ ಮೇಲೂ ಒಳಗೆ ತೂತುಗಳಿಲ್ಲದ ಸ್ಥಿತಿ. ಎರಡನೆಯದಕ್ಕೆ ‘ಸಾಂದ್ರ’ ಎನ್ನಬಹುದೇ? ‘ಚಾಕು ಸ್ವಚ್ಛವಾಗಿ ಹೊರಬಂದರೆ’ ಎಂಬುದೂ ಕನ್ನಡವೆನಿಸುತ್ತಿಲ್ಲ.

*

‘ಸಾಂದ್ರ’ ಆಮ್ಲಕ್ಕೆ ಸಲ್ಲುವ ಪದ, ತಿಂಡಿಗಲ್ಲ. ‘ಪೆಡಸು’ ಎಂಬ ಅಚ್ಚಗನ್ನಡ ಪದವಿರುವಾಗ ಸಂಸ್ಕೃತದ ಬಾಗಿಲು ತಟ್ಟುವುದೇಕೆ? ಚಾಕುವಿನ ವಾಕ್ಯಕ್ಕೆ ‘ಹಿಟ್ಟು ಮೆತ್ತಿಕೊಳ್ಳದಿದ್ದರೆ’ ಎಂದರೆ ಸಾಕು. ಅಂದಹಾಗೆ, ಸೋಡಾ ಕಡಿಮೆಯಾದರೆ ಪೆಡಸಾಗುತ್ತದೆ, ಬೇರೆ ಕಾರಣವಿಲ್ಲ.

*

ಬೇರೆ ಕಾರಣಗಳಿವೆ. ಹಲವು ವರ್ಷಗಳಿಂದ ವಡೋದರದಲ್ಲಿರುವ ನನಗೆ ‘ಪೆಡಸು’ ಒಪ್ಪಿಗೆಯಾಗದು. ಒಣಗಿ ಬಿಗಿಯಾದದ್ದು ಪೆಡಸು. ಇದು ಮೆತ್ತಗಿದ್ದರೂ ಹಲ್ಲಿಗೆ ಅಂಟುತ್ತದೆ.

ನಿಮ್ಮ ವಾಕ್ಯದ ಅರ್ಥವೂ ಅರ್ಧ ಮಾತ್ರ ಸರಿ. ಹಿಟ್ಟು ತೀರಾ ಗಟ್ಟಿಯಾದರೆ ಉಬ್ಬಲಾರದು, ನಿಜ. ತೀರಾ ನೀರಾದರೂ ಗುಳ್ಳೆಗಳು ನಿಲ್ಲದೆ ಮೇಲೇರಿ ಒಡೆದುಹೋಗಿ, ತಳ ಒತ್ತಿಕೊಳ್ಳುತ್ತದೆ. ಸೌಟಿನಿಂದ ಸುರಿದ ಹಿಟ್ಟಿನ ಗೆರೆ ಕ್ಷಣಕಾಲ ಮೇಲೆ ನಿಂತು ಬೆರೆತುಹೋಗುವುದೇ ಸರಿಯಾದ ಹದ.

ಹೋದ ವಾರ ಕಡಲೆಹಿಟ್ಟಿನ ದೋಕ್ಲಾಕ್ಕೆ ಸೋಡಾ ಬೆರೆಸಿದ ಕೂಡಲೇ ದೂರವಾಣಿ ಬಂತು. ಮಾತು ಮುಗಿಸಿ ಬಂದಾಗ ನೊರೆ ಇಳಿದಿತ್ತು. ಆದರೂ ತಟ್ಟೆಗೆ ಹೊಯ್ದು, ಕುದಿಯುವ ನೀರಿನ ಮೇಲೆ 15 ನಿಮಿಷ ಬೇಯಿಸಿದೆ. ನಡುಮಧ್ಯೆ ಚುಚ್ಚಿದ ಚಾಕುವಿಗೆ ಏನೂ ಮೆತ್ತಿರಲಿಲ್ಲ. ಕತ್ತರಿಸಿದರೆ ಕೆಳಗಿನ ಅರ್ಧ ಬರ್ಫಿಯಂತಿತ್ತು! ಚಾಕು ಹೇಳುವುದು ಬೆಂದಿದೆಯೆಂದು ಮಾತ್ರ, ಉಬ್ಬಿದೆಯೆಂದಲ್ಲ. ಹಸಿ ಹಿಟ್ಟು ಅಂಟಿದ್ದರೆ ಇನ್ನೈದು ನಿಮಿಷ ಬೇಯಿಸಬೇಕು. ಬರೀ ತೇವವಿದ್ದರೆ ಅದು ಹಬೆಯ ನೀರು. ಅಂಚು ಮೊದಲೇ ಬೇಯುವುದರಿಂದ ಅಲ್ಲಿ ಚುಚ್ಚಿ ನೋಡುವುದು ವ್ಯರ್ಥ. ಮೊದಲ ಹತ್ತು ನಿಮಿಷ ಮುಚ್ಚಳ ತೆಗೆಯಬಾರದು.

*

ನಮ್ಮಲ್ಲಿ ಗಟ್ಟಿಯಾಗುವುದಿಲ್ಲ, ಆದರೆ ಮೇಲೆಲ್ಲ ಕೆಂಪು ಚುಕ್ಕೆಗಳು ಬೀಳುತ್ತವೆ. ಅದಕ್ಕೇನು ಪದ?

*

ಅದಕ್ಕೆ ಪದ ಬೇಕಿಲ್ಲ, ಅರಿಸಿನ ಕಡಿಮೆ ಹಾಕಿ. ಸೋಡಾ ತಾಗಿದರೆ ಅರಿಸಿನ ಕೆಂಪಾಗುತ್ತದೆ. ಅದಿರಲಿ, ‘ದೋಕ್ಲಾ’ ಎಂದೇಕೆ ಬರೆಯುತ್ತೀರಿ? ಗುಜರಾತಿಯಲ್ಲಿ ‘ಳ’ ಇದೆ, ನಮ್ಮಲ್ಲೂ ಇದೆ. ಹಿಂದಿಯ ‘ಲ’ಕಾರವನ್ನು ಎರವಲು ಪಡೆಯುವ ದರಿದ್ರ ನಮಗೇನು ಬಂದಿದೆ? ‘ಢೋಕಳಾ’ ಎನ್ನಿ.

*

ಕನ್ನಡಿಗರ ನಾಲಿಗೆಗೆ ಮಹಾಪ್ರಾಣವೇ ಹೊರೆ. ‘ದೋಕಳ’ ಸಾಕು. ‘ಪೆಡಸು’ ಬಿಡಲಾರೆ.

*

ಎಲ್ಲರಿಗೂ ವಂದನೆಗಳು. ‘ಹಿಟ್ಟು ತೀರಾ ಗಟ್ಟಿಯಾದರೂ ನೀರಾದರೂ ದೋಕ್ಲಾ ಉಬ್ಬದೆ ಒತ್ತಿಕೊಳ್ಳುತ್ತದೆ’ ಎಂದು ತಿದ್ದಿ, ಸೋಡಾ ಬೆರೆಸಿದೊಡನೆ ಹಬೆಗಿಡಬೇಕೆಂಬ ಮಾತನ್ನು ಮುಂದಿನ ಸಾಲಿಗೆ ಸೇರಿಸಿದ್ದೇನೆ. ಹೆಸರಿನ ಕಾಗುಣಿತವನ್ನು ಸಂಪಾದಕರಿಗೆ ಬಿಟ್ಟಿದ್ದೇನೆ.