ಓದುಗರ ಸ್ಪಂದನ: ಬೀಳ್ಕೊಡುಗೆಯ ವಂತಿಗೆ ಎಷ್ಟು?

(ನಿವೃತ್ತರಾಗುತ್ತಿರುವ ಸಹೋದ್ಯೋಗಿಯ ಉಡುಗೊರೆಗೆ ತಲಾ 1,000 ರೂ. ಎತ್ತಲು ಮೇಲಧಿಕಾರಿ ಹೇಳಿದ್ದಾರೆ, ಕಾಂಟ್ರ್ಯಾಕ್ಟ್ ಹುಡುಗರ ಮುಖ ನೋಡಿ ಕೇಳಲು ಬಾಯಿ ಬರುತ್ತಿಲ್ಲ ಎಂದು ಠಾಣೆಯ ಓದುಗರೊಬ್ಬರು ಬರೆದಿದ್ದರು.)

ಅಕ್ಕಾ, ನಮ್ಮ ಅಂಧೇರಿ ಆಫೀಸಿನಲ್ಲಿ ಈ ಕೆಲಸ ಯಾವಾಗಲೂ ನನ್ನ ಪಾಲಿಗೇ ಬರುತ್ತದೆ. ಮೊದಲ ಸಲ ನಾನು ವಾಚು ತಂದು, ಆಮೇಲೆ ದುಡ್ಡು ಕೇಳಲು ಹೋದೆ. ಬೆಲೆ 6,000, ಇಪ್ಪತ್ತು ಜನ, ತಲಾ 300. ಮೂವರು ರಜೆಯಲ್ಲಿದ್ದರು, ಇಬ್ಬರು ‘ನಾಳೆ ಕೊಡ್ತೀನಿ’ ಅಂದರು, ಆ ನಾಳೆ ಬರಲೇ ಇಲ್ಲ. 1,500 ರೂಪಾಯಿ ನನ್ನ ಕೈಯಿಂದ ಹೋಯಿತು. ಹಾಗಾಗಿ ಮೊದಲು ವಂತಿಗೆ, ಆಮೇಲೆ ಉಡುಗೊರೆ.

ಈಗ ಒಂದು ಕಂದು ಲಕೋಟೆಗೆ ಎಲ್ಲರ ಹೆಸರಿನ ಪಟ್ಟಿ ಪಿನ್ ಮಾಡಿ ಟೇಬಲ್‌ನಿಂದ ಟೇಬಲ್‌ಗೆ ಬಿಡುತ್ತೇನೆ. ಹಣ ಹಾಕಲಿ, ಬಿಡಲಿ, ತಮ್ಮ ಹೆಸರಿನ ಮುಂದೆ ಗುರುತು ಹಾಕಿ ಮುಂದೆ ದಾಟಿಸಬೇಕು. ಮೊತ್ತ ಬರೆಯುವಂತಿಲ್ಲ. ಮೇಲಧಿಕಾರಿ ‘500’ ಎಂದು ಬರೆದರೆ ಕೆಳಗಿನವರಿಗೆ ಅದೇ ರೇಟು ಆಗಿಬಿಡುತ್ತದೆ. ಮೊಬೈಲಿನಲ್ಲಿ ಕಳಿಸಿದರೆ ಹೆಸರು, ಮೊತ್ತ ಎರಡೂ ಕಾಣುತ್ತವೆ, ಅದಕ್ಕೇ ನಾನು ನಗದು ಕೇಳುವುದು. ಹೊರಗಿರುವವರ ಹಣ ನನ್ನ ಖಾತೆಗೆ ಬಂದರೆ ಅಷ್ಟೇ ನಗದನ್ನು ಲಕೋಟೆಗೆ ಹಾಕುತ್ತೇನೆ.

‘ನೂರರಿಂದ ಮುನ್ನೂರರೊಳಗೆ, ಅನುಕೂಲವಿದ್ದಷ್ಟು’ ಎಂದಷ್ಟೇ ಹೇಳುತ್ತೇನೆ. ಕಳೆದ ಸಲ 24 ಜನರಿಂದ 3,900 ಕೂಡಿತು. ಬ್ಯಾಗಿಗೆ 3,250, ಕೇಕಿಗೆ 500, ಕಾರ್ಡು ಮತ್ತು ಹೊದಿಕೆ ಕಾಗದಕ್ಕೆ 150. ಬಿಲ್ಲಿನ ಫೋಟೋ ಅಂದೇ ಗ್ರೂಪಿಗೆ ಹಾಕಿದೆ. ಕಾರ್ಡಿನಲ್ಲಿ 24 ಸಹಿಗಳೂ ಇದ್ದವು. ದುಡ್ಡು ಹಾಕದವರ ಸಹಿ ಬಿಡಬೇಡಿ ಅಕ್ಕಾ, ಅವರೂ ಹೊರಡುವವರ ಜೊತೆ ಊಟ ಮಾಡಿದವರೇ. ಲಕೋಟೆ ಒಂದೇ ಟೇಬಲ್ ಮೇಲೆ ಎರಡು ದಿನ ಕೂತಿತೆಂದರೆ, ಕೇಳಿದ ಮೊತ್ತ ಅಲ್ಲಿನವರಿಗೆ ಜಾಸ್ತಿಯಾಗಿದೆ ಎಂದೇ ತಿಳಿಯಿರಿ. ಮೇಲಧಿಕಾರಿಗೂ ಇದನ್ನೇ ಹೇಳಿ: ಅವರು ಹೆಚ್ಚು ಕೊಡಲಿ, ಆದರೆ ಲಕೋಟೆಯೊಳಗೆ.
– ಓದುಗರೊಬ್ಬರು, ಮುಲುಂಡ್

ನಮ್ಮಲ್ಲಿ ಜಗಳ ಹುಟ್ಟಿದ್ದು ಬೇರೆ ಕಡೆ. ಮ್ಯಾನೇಜರ್ ಹೋದಾಗ 9,000, ಪ್ಯೂನ್ ಮಾಮಾ ಹೋದಾಗ 1,200 ಕೂಡಿತು. ಮಾಮಾ ಏನೂ ಅನ್ನಲಿಲ್ಲ, ನಮಗೇ ನಾಚಿಕೆಯಾಯಿತು. ಈಗ ಹನ್ನೆರಡು ಮಂದಿ ತಿಂಗಳಿಗೆ 50 ರೂ. ಹಾಕುತ್ತೇವೆ, ವರ್ಷಕ್ಕೆ 7,200. ಯಾರೇ ಹೊರಟರೂ ಉಡುಗೊರೆ 3,000ದ್ದೇ. ಹೊರಡುವವರಿಗೆ ಕಟ್ಟಿದ ಹಣ ವಾಪಸ್ ಇಲ್ಲ ಎಂದು ಮೊದಲೇ ಹೇಳಿರಬೇಕು. ಒಂದೇ ವರ್ಷ ಮೂವರು ಹೋದರೆ ಹಣ ಸಾಲದು, ಆಗ ಮೂರನೆಯವರಿಗೆ ಲಕೋಟೆಯೇ ಗತಿ.
– ಪಿಂಪ್ರಿಯಿಂದ ಒಬ್ಬರು

ನಿಮ್ಮ ಸಹೋದ್ಯೋಗಿ ಉಡುಪಿಗೆ ಮರಳುತ್ತಿದ್ದಾರೆಂದು ಬರೆದಿದ್ದೀರಿ. ದಯವಿಟ್ಟು ಗಾಜಿನ ಗಡಿಯಾರ ಬೇಡ. ನನ್ನ ಯಜಮಾನರಿಗೆ ಅದನ್ನೇ ಕೊಟ್ಟಿದ್ದರು. ಮತ್ಸ್ಯಗಂಧ ರೈಲಿನಲ್ಲಿ ರಾತ್ರಿಯಿಡೀ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ, ಆದರೂ ಮೂಲೆ ಒಡೆಯಿತು. ಏನು ಬೇಕೆಂದು ಅವರ ಮನೆಯವರಿಗೆ ಒಂದು ಫೋನ್ ಮಾಡಿ ಕೇಳಿ.
– ಗೃಹಿಣಿ, ಡೊಂಬಿವಲಿ