ಸಹಾಯ ಬೇಕು: ಬ್ಲೂಮ್ ಫಿಲ್ಟರಿನಿಂದ ಹೆಸರು ಅಳಿಸೋದು ಹೆಂಗ್ರಿ?

ನಮಸ್ಕಾರ್ರಿ. ಬೆಳಗಾವಿಯಾಗ ಸಿಸ್ಟಮ್ ಡಿಸೈನ್ ರೌಂಡಿಗೆ ತಯಾರಿ ನಡಸೇವಿ. 1 ಕೋಟಿ ಯೂಸರ್‌ನೇಮ್ ಇದ್ದಾಗ, ಕೇಳಿದ ಹೆಸರು ಪಟ್ಟಿಯೊಳಗ ಮೊದಲ ಐತೇನು ಅಂತ ಲಗೂನ ಹೇಳಬೇಕು. ಅದಕ್ಕ ಬ್ಲೂಮ್ ಫಿಲ್ಟರ್ ಇಡತೇವಿ, ಅಂದ್ರ ಹೆಸರು ಇಡದ, ಅದರ ಹ್ಯಾಶ್‌ಗಳು ತೋರಿಸಿದ ಬಿಟ್ಟಷ್ಟ 1 ಮಾಡೋ ಸಾಲು. ನೂರಕ್ಕ ಒಂದು ತಪ್ಪು 'ಐತಿ' ನಡೀತದ ಅಂದ್ರ ಹೆಸರಿಗೆ ಸುಮಾರು 9.6 ಬಿಟ್, 7 ಹ್ಯಾಶ್, ಒಟ್ಟು 12 ಎಂಬಿ. 'ಇಲ್ಲ' ಅಂದ್ರ ಖಂಡಿತ ಖಾಲಿ; 'ಐತಿ' ಅಂದಾಗಷ್ಟ ಡೇಟಾಬೇಸ್ ನೋಡೋದು. ಅದೇ ಫಿಲ್ಟರಿಗೆ 2 ಕೋಟಿ ತುರುಕಿದ್ರ ತಪ್ಪು ಸುಮಾರು 16%ಕ್ಕ ಏರತೈತಿ. ಇಲ್ಲಿತನಕ ಸರಳ.

ತೊಡಕು ಅಳಿಸೋದ್ರಾಗ. ಒಂದು ಹೆಸರಿನ ಬಿಟ್ 0 ಮಾಡಿದ್ರ, ಅದೇ ಬಿಟ್ ಹಂಚಿಕೊಂಡ ಇನ್ನೊಂದು ಹೆಸರೂ 'ಇಲ್ಲ' ಆಗತೈತಿ. ಒಂದೇ ಹೆಸರು ಇಬ್ಬರಿಗೆ ಹೋಗಬಹುದು. ಒಂದೊಂದು ಬಿಟ್ಟಿನ ಬದಲು 4 ಬಿಟ್ಟಿನ ಕೌಂಟರ್ ಇಟ್ರ ಅಳಿಸಬಹುದು, ಆದ್ರ 48 ಎಂಬಿ. ಅಳಿಸೋದು ಅಪರೂಪ ಇದ್ರ ರಾತ್ರಿ ಹೊಸ ಫಿಲ್ಟರ್ ಕಟ್ಟೋದ ಚಲೋ ಅನಸತೈತಿ. ಕಟ್ಟುವಾಗ ಬಂದ ಹೊಸ ಹೆಸರನ್ನ ಎರಡೂ ಫಿಲ್ಟರಿಗೆ ಬರದ್ರ ಸಾಕೇನ್ರಿ? ಇಲ್ಲಾ ಅಳಿಸಾಕ ಬರೋ ಕುಕೂ ಫಿಲ್ಟರ್ ಹೇಳಬೇಕೇನು?